ವರ್ಷ ಮೊದಲೋ, ಗಿರಾಕಿ ಮೊದಲೋ: ಫ್ರೀಲ್ಯಾನ್ಸ್ ಡಿಸೈನರ್‌ಗಳ ಫೋಲ್ಡರ್ ಜೋಡಣೆ

ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುವವರ ಗಿರಾಕಿಗಳು ಯಾರೆಂದು ಒಮ್ಮೆ ಲೆಕ್ಕ ಹಾಕಿ. ಒಂದೆರಡು ದೇವಸ್ಥಾನದ ಸಮಿತಿಗಳು, ಒಂದು ಹೋಟೆಲ್, ಒಂದು ಗೇರುಬೀಜದ ಪ್ಯಾಕೆಟ್ ಮಾಡಿಸುವವರು, ಯಕ್ಷಗಾನದ ಆಟ ಆಡಿಸುವವರು, ನಡುವೆ ಒಂದು ಪ್ರಿಂಟಿಂಗ್ ಪ್ರೆಸ್. ಹೊಸಬರು ಕಡಿಮೆ, ತಿರುಗಿ ಬರುವವರೇ ಜಾಸ್ತಿ. ಹಾಗಾಗಿ ಫೋಲ್ಡರ್ ಹೇಗೆ ಜೋಡಿಸಬೇಕು ಎಂಬುದಕ್ಕೆ ಉತ್ತರ ಬರುವುದು ಕೆಲಸ ಮಾಡುವ ದಿನದಲ್ಲಿ ಅಲ್ಲ, ಎರಡು ವರ್ಷ ಕಳೆದು ಅದೇ ಗಿರಾಕಿ ಫೋನ್ ಮಾಡಿದಾಗ.

ಬರುವ ಫೋನ್‌ಗಳು ಹೆಚ್ಚುಕಡಿಮೆ ಮೂರೇ ಬಗೆ. ಸಮಿತಿಯ ಕಾರ್ಯದರ್ಶಿ: "ಹೋದ ಸಲದ ಕರೆಯೋಲೆಯೇ ಇರಲಿ ಮಾರಾಯ್ರೆ, ದಿನಾಂಕ, ಹೆಸರು ಮಾತ್ರ ಬದಲಿಸಿ ಕೊಡಿ." ಪ್ರೆಸ್ಸಿನವರು: "ಅವತ್ತು ಕಳಿಸಿದ್ದೀರಲ್ಲ, ಅದೇ ಫೈಲ್, ಇನ್ನೂ ಐನೂರು ಬೇಕಂತೆ." ಆಡಿಟರ್ ಕಚೇರಿಯಿಂದ: "2023-24ರ ಬಿಲ್ ಎಲ್ಲ ಒಟ್ಟಿಗೆ ಕೊಡಿ." ಮೊದಲಿನವರು ಕೇಳುವುದು ಗಿರಾಕಿಯ ಹೆಸರಿನಿಂದ, ಎರಡನೆಯವರು ಕಳಿಸಿದ ಫೈಲನ್ನು, ಮೂರನೆಯವರು ವರ್ಷವನ್ನು. ಫೋಲ್ಡರುಗಳ ಒಂದೇ ಮರದಲ್ಲಿ ಈ ಮೂರೂ ಒಟ್ಟಿಗೆ ಮೇಲಿನ ಕೊಂಬೆ ಆಗಲು ಸಾಧ್ಯವಿಲ್ಲ. ಆದ್ದರಿಂದ ಮೇಲೆ ಯಾವುದನ್ನು ಇಟ್ಟರೆ ಉಳಿದ ಎರಡರಲ್ಲಿ ಎಷ್ಟು ಕಷ್ಟ ಆಗುತ್ತದೆ ಎಂದು ನೋಡಬೇಕು.

ನೋಡಲು ಒಂದು ಕೇಸ್ ಇಟ್ಟುಕೊಳ್ಳೋಣ. ಒಂದು ದೇವಸ್ಥಾನ. 2021ರಲ್ಲಿ ಜಾತ್ರೆಯ ಆಮಂತ್ರಣ ಮಾಡಿಕೊಟ್ಟಿದ್ದೀರಿ. 2023ರ ನವೆಂಬರಿನಲ್ಲಿ ಜೀರ್ಣೋದ್ಧಾರದ ಮನವಿ ಪತ್ರ, ಅದರೊಟ್ಟಿಗೆ ಹೊಸ ಲಾಂಛನ. ಡಿಸೆಂಬರಿನಿಂದ 2024ರ ಏಪ್ರಿಲ್‌ವರೆಗೆ ಬ್ರಹ್ಮಕಲಶೋತ್ಸವದ ಕರೆಯೋಲೆ, ಫ್ಲೆಕ್ಸ್, ಸ್ಮರಣ ಸಂಚಿಕೆ. 2025ರಲ್ಲಿ ಪುನಃ ಜಾತ್ರೆ: ಆಮಂತ್ರಣದ ವಿನ್ಯಾಸ 2021ರದ್ದು ಇರಲಿ, ಲಾಂಛನ ಹೊಸತು ಹಾಕಿ, ಸಂಚಿಕೆಯಲ್ಲಿ ಬಂದ ಗರ್ಭಗುಡಿಯ ಫೋಟೊ ಬೇಕು ಎನ್ನುತ್ತಾರೆ. ಇಂಥ ಕೇಳಿಕೆ ಅಪರೂಪದ್ದಲ್ಲ, ಇದೇ ಮಾಮೂಲಿ.

ವರ್ಷ ಮೊದಲು

ಹೆಚ್ಚಿನವರು ಶುರು ಮಾಡುವುದು ಹೀಗೆ. `2023` ಎಂದು ಒಂದು ಫೋಲ್ಡರ್, ಒಳಗೆ ಗಿರಾಕಿಗಳು. ಶುರುವಿನಲ್ಲಿ ಇದು ತುಂಬ ಚೆನ್ನಾಗಿ ಕಾಣುತ್ತದೆ, ವರ್ಷ ಮುಗಿದ ಕೂಡಲೇ ಇಡೀ ಫೋಲ್ಡರನ್ನು ಎತ್ತಿ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ ಲ್ಯಾಪ್‌ಟಾಪ್ ಖಾಲಿ ಮಾಡಬಹುದು.

ಮೇಲಿನ ದೇವಸ್ಥಾನಕ್ಕೆ ಬಂದಾಗ ಎರಡು ಕಡೆ ಏಟು ಬೀಳುತ್ತದೆ. ಬ್ರಹ್ಮಕಲಶದ ಕೆಲಸ ಡಿಸೆಂಬರಿನಲ್ಲಿ ಶುರುವಾಗಿ ಏಪ್ರಿಲಿನಲ್ಲಿ ಮುಗಿಯಿತು. ಅದು `2023`ರಲ್ಲೋ, `2024`ರಲ್ಲೋ? ಕರೆಯೋಲೆ ಒಂದರಲ್ಲಿ, ಸಂಚಿಕೆ ಇನ್ನೊಂದರಲ್ಲಿ ಉಳಿದುಬಿಡುತ್ತದೆ. ಕರಾವಳಿಯಲ್ಲಿ ಇದು ದೊಡ್ಡ ತೊಂದರೆಯೇ, ಯಾಕೆಂದರೆ ನಮ್ಮ ಸೀಸನ್ ಕ್ಯಾಲೆಂಡರನ್ನು ಕೇಳುವುದಿಲ್ಲ. ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಪತ್ತನಾಜೆಗೆ ನಿಲ್ಲುತ್ತದೆ, ಜಾತ್ರೆ, ನೇಮ, ಬ್ರಹ್ಮಕಲಶಗಳೂ ಮಳೆ ಬರುವುದರೊಳಗೆ ಮುಗಿಯಬೇಕು. ಕೆಲಸದ ರಾಶಿ ಬೀಳುವುದೇ ಡಿಸೆಂಬರ್ 31ರ ಎರಡೂ ಬದಿಗೆ. ಕ್ಯಾಲೆಂಡರ್ ವರ್ಷ ಬಿಟ್ಟು ಆರ್ಥಿಕ ವರ್ಷ ಹಿಡಿದರೆ ಗೆರೆ ಮಾರ್ಚ್ 31ಕ್ಕೆ ಬೀಳುತ್ತದೆ, ಅದೂ ಸೀಸನ್ನಿನ ನಡುವೆಯೇ.

ಎರಡನೆಯ ಏಟು 2025ರ ಆಮಂತ್ರಣಕ್ಕೆ. ವಿನ್ಯಾಸ `2021`ರಲ್ಲಿ, ಲಾಂಛನ `2023`ರಲ್ಲಿ, ಫೋಟೊ `2024`ರಲ್ಲಿ. ಅಷ್ಟರಲ್ಲಿ 2021 ಬೇರೆ ಡಿಸ್ಕಿಗೆ ಹೋಗಿಯಾಗಿದೆ. ಮೂರನ್ನೂ ಹುಡುಕಿ `2025`ಕ್ಕೆ ನಕಲು ಮಾಡುತ್ತೀರಿ, ಲಾಂಛನದ ಪ್ರತಿ ಈಗ ಮೂರು ಕಡೆ ಇದೆ, ಅವುಗಳಲ್ಲಿ ಸಮಿತಿಯವರು ತಿದ್ದಿಸಿಕೊಂಡದ್ದು ಯಾವುದು ಎಂಬುದು ಯಾರಿಗೂ ಗೊತ್ತಿಲ್ಲ.

ಹಾಗೆಂದು ಈ ಕ್ರಮ ಎಲ್ಲರಿಗೂ ಕೆಟ್ಟದ್ದಲ್ಲ. ಮದುವೆ ಫೋಟೊ, ವಿಡಿಯೊ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮದುವೆಯ ಗಿರಾಕಿ ತಿರುಗಿ ಬರುವುದು ಕಡಿಮೆ, ಬಂದರೂ "2019ರ ಮೇಯಲ್ಲಿ ನಮ್ಮ ಮದುವೆ" ಎಂದು ತಾರೀಕು ಹೇಳಿಯೇ ಬರುತ್ತಾರೆ. ಒಂದೊಂದು ಮದುವೆಯೂ ನೂರಾರು ಜಿಬಿ, ಹಾಗಾಗಿ ವರ್ಷಕ್ಕೊಂದು ಡಿಸ್ಕ್ ಎಂದು ತೆಗೆದಿಡುವುದು ಅವರಿಗೆ ಅನಿವಾರ್ಯ. ಅವರು `2024\2024-05-12_kundapura-maduve` ಎಂದು ಇಟ್ಟುಕೊಂಡರೆ ಸಾಕು, ಈ ಬರಹದ ಉಳಿದ ಭಾಗ ಅವರಿಗೆ ಅಷ್ಟಾಗಿ ಬೇಕಿಲ್ಲ.

ನಡೆಯುತ್ತಿರುವುದು, ಮುಗಿದದ್ದು

ಎರಡನೆಯ ಕ್ರಮ ಕೆಲಸದ ಸ್ಥಿತಿಯನ್ನು ಮೇಲಿಡುವುದು. `Nadeyuttide`, `Mugidide` ಎಂದು ಎರಡು ಫೋಲ್ಡರ್, ಕೆಲಸ ಮುಗಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಎಳೆದುಹಾಕುವುದು. ಬೆಳಿಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಇವತ್ತಿನ ಕೆಲಸ ಮಾತ್ರ ಕಾಣುತ್ತದೆ ಎಂಬುದು ಇದರ ಆಕರ್ಷಣೆ.

ಇದರ ದೋಷ ಕಣ್ಣಿಗೆ ಬೀಳದಂಥದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇನ್‌ಡಿಸೈನ್‌ನಂಥ ಸಾಫ್ಟ್‌ವೇರ್ ಪುಟದಲ್ಲಿ ಕಾಣುವ ಫೋಟೊವನ್ನು ಫೈಲಿನೊಳಗೆ ತುಂಬಿಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ದಾರಿಯನ್ನು ಮಾತ್ರ ಬರೆದುಕೊಳ್ಳುತ್ತದೆ. ಫೋಟೊ ಕೆಲಸದ ಫೋಲ್ಡರಿನ ಹೊರಗೆ ಎಲ್ಲೋ ಇದ್ದು, ಅದರ ಮೇಲಿನ ಫೋಲ್ಡರ್ ಜಾಗ ಬದಲಿಸಿದರೆ ದಾರಿ ತಪ್ಪುತ್ತದೆ. ಪರದೆಯ ಮೇಲೆ ಮಸುಕಾದ ಮುನ್ನೋಟ ಉಳಿದಿರುವುದರಿಂದ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ಲಿಂಕ್ಸ್ ಪಟ್ಟಿಯಲ್ಲಿ ಕೆಂಪು ಪ್ರಶ್ನೆಚಿಹ್ನೆ ಬಂದದ್ದನ್ನು ನೋಡದೆ ಪ್ರೆಸ್ಸಿಗೆ ಕೊಟ್ಟರೆ ಫೋಟೊ ಒಡೆದು ಬರುತ್ತದೆ. ಎಂಬತ್ತು ಪುಟದ ಸಂಚಿಕೆಯಲ್ಲಿ ಪ್ರತಿಯೊಬ್ಬ ದಾನಿಯ ಫೋಟೊವನ್ನು ಪುನಃ ಹುಡುಕಿ ಜೋಡಿಸುವುದು ಅರ್ಧ ದಿನದ ಕೆಲಸ.

ಇನ್ನೊಂದು ಬ್ಯಾಕಪ್‌ನದ್ದು. ಹೊರಗಿನ ಡಿಸ್ಕಿಗೆ ದಿನಾ ಪ್ರತಿಬಿಂಬದಂತೆ ನಕಲು ಮಾಡಲು ವಿಂಡೋಸ್‌ನಲ್ಲಿ ಈ ಕಮಾಂಡ್ ಬಳಸುವವರು ಬಹಳ:

```
robocopy D:\Kelasa E:\Kelasa /MIR
```

ಇದು ಹೆಸರು ಮತ್ತು ಜಾಗ ನೋಡಿ ಹೋಲಿಸುತ್ತದೆ, ಫೋಲ್ಡರನ್ನು ನೀವು ಎಳೆದು ಹಾಕಿದ್ದು ಅದಕ್ಕೆ ತಿಳಿಯುವುದಿಲ್ಲ. `Mugidide`ಯಲ್ಲಿ ಹೊಸತೇನೋ ಬಂದಿದೆ ಎಂದು ಪೂರ್ತಿ ನಕಲು ಮಾಡುತ್ತದೆ, `Nadeyuttide`ಯಲ್ಲಿ ಇದ್ದದ್ದು ಇಲ್ಲವೆಂದು ಬ್ಯಾಕಪ್‌ನಿಂದ ಅಳಿಸುತ್ತದೆ. 200 ಜಿಬಿಯ ವಿಡಿಯೊ ಕೆಲಸವಾದರೆ ಸೆಕೆಂಡಿಗೆ 100 ಎಂಬಿ ಹೋಗುವ ಡಿಸ್ಕಿನಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಬೇಕು. ನಮ್ಮಲ್ಲಿ ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಕರೆಂಟ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗೊತ್ತೇ ಇದೆ. ಅಳಿಸುವುದು ಆಗಿ ನಕಲು ಅರ್ಧಕ್ಕೆ ನಿಂತರೆ ಆ ರಾತ್ರಿ ನಿಮ್ಮ ಬಳಿ ಬ್ಯಾಕಪ್ ಇಲ್ಲ. ಗೂಗಲ್ ಡ್ರೈವ್‌ನಂಥವು ಜಾಗ ಬದಲಾದದ್ದನ್ನು ಸಾಮಾನ್ಯವಾಗಿ ಗುರುತು ಹಿಡಿಯುತ್ತವೆ, ಆದರೆ ಮೇಲಿನ ಫೋಲ್ಡರನ್ನು ಗಿರಾಕಿಯೊಟ್ಟಿಗೆ ಹಂಚಿಕೊಂಡಿದ್ದರೆ ಅದರಿಂದ ಹೊರಗೆ ಎಳೆದ ಫೈಲು ಅವರಿಗೆ ಕಾಣದೆ ಹೋಗಬಹುದು.

ಇವತ್ತಿನ ಕೆಲಸ ಮಾತ್ರ ಕಾಣಬೇಕು ಎಂಬ ಆಸೆಗೆ ಫೋಲ್ಡರ್ ಎಳೆಯಬೇಕಿಲ್ಲ. ಎಕ್ಸ್‌ಪ್ಲೋರರಿನ ಎಡಬದಿಯ ಕ್ವಿಕ್ ಆಕ್ಸೆಸ್‌ನಲ್ಲಿ, ಮ್ಯಾಕ್ ಆದರೆ ಫೈಂಡರಿನ ಸೈಡ್‌ಬಾರಿನಲ್ಲಿ, ನಡೆಯುತ್ತಿರುವ ಕೆಲಸಗಳನ್ನು ಪಿನ್ ಮಾಡಿ. ಮುಗಿದ ದಿನ ಪಿನ್ ತೆಗೆದರೆ ಆಯಿತು, ಫೋಲ್ಡರ್ ಇದ್ದಲ್ಲೇ ಇರುತ್ತದೆ.

ಲೋಗೋ, ಕರೆಯೋಲೆ, ಫ್ಲೆಕ್ಸ್ ಎಂದು ಕೆಲಸದ ಬಗೆಯನ್ನು ಮೇಲಿಡುವ ಕ್ರಮವೂ ಒಂದಿದೆ. ಮಾದರಿ ತೋರಿಸಲು ಚೆಂದ, ಕೆಲಸಕ್ಕೆ ಬರುವುದಿಲ್ಲ: ಮೇಲಿನ ದೇವಸ್ಥಾನ ಐದು ಕಡೆ ಹರಿದು ಹಂಚಿಹೋಗುತ್ತದೆ.

ಗಿರಾಕಿ ಮೊದಲು

ತಿರುಗಿ ಬರುವ ಗಿರಾಕಿಗಳೇ ಹೆಚ್ಚಿರುವವರಿಗೆ ನನ್ನ ಆಯ್ಕೆ ಇದು. ನೀವು ಆ ಗುಂಪಿಗೆ ಸೇರಿದವರೇ ಎಂದು ತಿಳಿಯಲು ಹೋದ ವರ್ಷದ ಬಿಲ್ ಪುಸ್ತಕ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚು ಬಿಲ್ಲುಗಳಲ್ಲಿ ಇರುವ ಹೆಸರು ಅದಕ್ಕೆ ಹಿಂದಿನ ವರ್ಷವೂ ಇದ್ದರೆ ಗಿರಾಕಿ ಮೊದಲು, ಇಲ್ಲದಿದ್ದರೆ ವರ್ಷ ಮೊದಲು.

ನಮ್ಮ ದೇವಸ್ಥಾನ ಈ ಕ್ರಮದಲ್ಲಿ ಹೀಗೆ ಕೂರುತ್ತದೆ:

```
D:\Kelasa\devasthana-bettu\
  _mula\
  2021-02_jatre-amantrana\
  2023-11_manavi-patra\
  2023-12_brahmakalasha-kareyole\
  2024-01_brahmakalasha-sanchike\
    01_bandaddu\
    02_kelasa\
    03_kottaddu\
  2025-02_jatre-amantrana\
```

ಕೆಲಸದ ಹೆಸರಿನ ಮುಂದಿರುವುದು ಅದು ಶುರುವಾದ ತಿಂಗಳು. ಮುಗಿಯುವುದು ಎಷ್ಟೇ ತಡವಾದರೂ ಅದನ್ನು ಬದಲಿಸಬಾರದು. ವರ್ಷ, ತಿಂಗಳು ಎಂಬ ಈ ಅನುಕ್ರಮದಲ್ಲಿ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲದ ಪ್ರಕಾರವೂ ತಾನಾಗಿ ಜೋಡಣೆಯಾಗುತ್ತದೆ. ನಮ್ಮ ರೂಢಿಯಂತೆ `02-2021` ಎಂದು ಬರೆದರೆ ಎಲ್ಲ ಫೆಬ್ರವರಿಗಳೂ ಒಟ್ಟಾಗಿ ಕೂರುತ್ತವೆ. ವರ್ಷ ಮೊದಲು ಎಂಬ ಕ್ರಮದಲ್ಲಿ ಇದ್ದ ಒಳ್ಳೆಯ ಗುಣ ಹೀಗೆ ಒಂದು ಮೆಟ್ಟಿಲು ಕೆಳಗೆ ಬಂದು ಉಳಿದುಕೊಳ್ಳುತ್ತದೆ.

`_mula` ಎಂಬುದರಲ್ಲಿ ಆ ಗಿರಾಕಿಯ ಎಲ್ಲ ಕೆಲಸಕ್ಕೂ ಬೇಕಾಗುವಂಥದ್ದು: ಲಾಂಛನ, ದೇವರ ಒಳ್ಳೆಯ ಫೋಟೊ, ಸಮಿತಿಯ ಸರಿಯಾದ ಹೆಸರು, ಬಳಸುವ ಫಾಂಟುಗಳು. ಹೆಸರಿನ ಮುಂದಿರುವ ಅಡಿಗೆರೆಯಿಂದಾಗಿ ಅದು ಯಾವಾಗಲೂ ಪಟ್ಟಿಯ ಮೇಲ್ತುದಿಯಲ್ಲಿ ಇರುತ್ತದೆ. 2025ರಲ್ಲಿ ಹೊಸ ಲಾಂಛನ ಎಲ್ಲಿದೆ ಎಂದು ಹುಡುಕುವ ಪ್ರಶ್ನೆಯೇ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಲಾಂಛನ ಬದಲಾದಾಗ ಹಳೆಯದರ ಮೇಲೆ ಹೊಸದನ್ನು ಸೇವ್ ಮಾಡಬಾರದು, `lanchana-2023.ai` ಎಂದು ಬೇರೆ ಹೆಸರು ಕೊಡಬೇಕು. ಹಳೆಯ ಕೆಲಸಗಳು ಅದೇ ಫೈಲಿಗೆ ಲಿಂಕ್ ಆಗಿದ್ದರೆ, 2021ರ ಆಮಂತ್ರಣ ತೆರೆದು ಲಿಂಕ್ ಅಪ್‌ಡೇಟ್ ಮಾಡಿದ ಕೂಡಲೇ ಅದರಲ್ಲೂ ಹೊಸ ಲಾಂಛನ ಕೂತುಬಿಡುತ್ತದೆ.

ಫಾಂಟ್ ಇಡಬೇಕೆಂದು ಹೇಳಿದ್ದಕ್ಕೆ ಕನ್ನಡದ್ದೇ ಕಾರಣ ಉಂಟು. ಪ್ರೆಸ್ಸುಗಳಿಗೆ ಕೊಡುವ ಕೆಲಸದಲ್ಲಿ ಇವತ್ತಿಗೂ ಯೂನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳು ಓಡುತ್ತಿವೆ. ಅಂಥ ಫೈಲಿನೊಳಗೆ ಇರುವುದು ಕನ್ನಡ ಅಕ್ಷರಗಳ ಸಂಕೇತ ಅಲ್ಲ, ಇಂಗ್ಲಿಷ್ ಮತ್ತು ಇತರ ಚಿಹ್ನೆಗಳ ಸಂಕೇತಗಳೇ, ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತದೆ ಅಷ್ಟೆ. ಲ್ಯಾಪ್‌ಟಾಪ್ ಬದಲಾಗಿ ಆ ಫಾಂಟ್ ಇಲ್ಲದೆ ಹೋದರೆ ಕರೆಯೋಲೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಒಂದೇ ಹೆಸರಿನ ಫಾಂಟ್ ಬೇರೆ ಆವೃತ್ತಿಯದ್ದಾದರೂ ಒತ್ತಕ್ಷರ ಅಲ್ಲಲ್ಲಿ ಜಾರಬಹುದು. ಇನ್‌ಡಿಸೈನ್‌ನ ಪ್ಯಾಕೇಜ್ ಎಂಬ ಆಯ್ಕೆ ಫಾಂಟ್, ಫೋಟೊ ಎರಡನ್ನೂ ಒಂದು ಫೋಲ್ಡರಿಗೆ ಒಟ್ಟು ಮಾಡುತ್ತದೆ, ಕೆಲಸ ಮುಗಿಸುವ ದಿನ ಅದನ್ನು ಒಮ್ಮೆ ಒತ್ತಿ, ಬಂದದ್ದನ್ನು `02_kelasa`ದಲ್ಲಿ ಇಡಿ.

ಒಳಗಿನ ಮೂರು ಫೋಲ್ಡರ್

ಬಂದದ್ದು, ಕೆಲಸ, ಕೊಟ್ಟದ್ದು. ಇದಕ್ಕಿಂತ ಹೆಚ್ಚು ಮಾಡಿದರೆ ಎರಡು ತಿಂಗಳಲ್ಲಿ ಅರ್ಧ ಖಾಲಿ ಬೀಳುತ್ತವೆ. ಇವುಗಳಲ್ಲಿ ನಿಜಕ್ಕೂ ದುಡಿಯುವುದು ಮೂರನೆಯದು. ಪ್ರೆಸ್ಸಿನವರು ಇನ್ನೂ ಐನೂರು ಬೇಕು ಎಂದಾಗ `final`, `final-2`, `final-hosatu` ಎಂಬ ಹೆಸರುಗಳ ಮುಂದೆ ಕೂತು ತಾರೀಕು ನೋಡಿ ಊಹಿಸುವವರು ಬಹಳ ಮಂದಿ. ಮಾರ್ಪಾಡಾದ ತಾರೀಕನ್ನೂ ನಂಬುವಂತಿಲ್ಲ, ಕೊಟ್ಟ ಮೇಲೆ ಒಮ್ಮೆ ತೆರೆದು ಸುಮ್ಮನೆ ಸೇವ್ ಒತ್ತಿದರೂ ಅದು ಬದಲಾಗುತ್ತದೆ.

ಆದ್ದರಿಂದ ಯಾರಿಗೆ, ಯಾವತ್ತು ಕಳಿಸಿದಿರೋ ಅದೇ ಹೆಸರಿನಲ್ಲಿ ಒಂದು ಫೋಲ್ಡರ್: `2024-02-18_press`, `2024-02-20_samiti-whatsapp`. ಒಳಗೆ ಹೋದ ಪಿಡಿಎಫ್ ಇದ್ದಂತೆಯೇ. ಒಂದೇ ನಿಯಮ, ಇಲ್ಲಿಗೆ ಬಂದದ್ದನ್ನು ತಿದ್ದಬಾರದು. ಅಧ್ಯಕ್ಷರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ `02_kelasa`ದಲ್ಲೇ ತಿದ್ದಿ, ಹೊಸ ಪಿಡಿಎಫ್ ಮಾಡಿ, ಹೊಸ ತಾರೀಕಿನ ಫೋಲ್ಡರಿಗೆ ಹಾಕಿ. ನಾಳೆ "ನಾವು ಹೇಳಿದ್ದು ಹೀಗಲ್ಲ" ಎಂದು ಸಮಿತಿ, "ನೀವು ಕೊಟ್ಟದ್ದೇ ಇದು" ಎಂದು ಪ್ರೆಸ್ ಜಗಳಕ್ಕೆ ನಿಂತರೆ ನಿಮ್ಮ ಬಳಿ ಇರುವ ಸಾಕ್ಷಿ ಇದೊಂದೇ. ಸಮಿತಿಯವರು ವಾಟ್ಸಾಪಿನಲ್ಲಿ ಕಳಿಸಿದ ಹೆಸರುಗಳ ಪಟ್ಟಿಯನ್ನೂ ಹಾಗೆಯೇ `01_bandaddu`ವಿಗೆ ಇಳಿಸಿಡಿ, ಫೋನಿನಲ್ಲೇ ಬಿಡಬೇಡಿ.

ದಾರಿಯ ಉದ್ದವನ್ನೂ ಸ್ವಲ್ಪ ನೋಡಿಕೊಳ್ಳಬೇಕು. ವಿಂಡೋಸಿನಲ್ಲಿ ಡ್ರೈವಿನಿಂದ ಹಿಡಿದು ಫೈಲಿನ ಹೆಸರಿನ ತನಕ ಒಟ್ಟು 260 ಅಕ್ಷರದ ಹಳೆಯ ಮಿತಿ ಎಕ್ಸ್‌ಪ್ಲೋರರಿನಲ್ಲಿ, ಹಲವು ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಉಳಿದಿದೆ. ಮೇಲಿನ ಉದಾಹರಣೆಯಲ್ಲಿ ಸಂಚಿಕೆಯ `01_bandaddu` ತನಕ ಬರುವಾಗ ಸುಮಾರು 70 ಆಗಿರುತ್ತದೆ. ದಾನಿಗಳ ಫೋಟೊಗಳ ಜಿಪ್ ಫೈಲಿನೊಳಗೆ ಉದ್ದುದ್ದ ಕನ್ನಡ ಹೆಸರಿನ ಫೋಲ್ಡರ್ ಮೂರು ಪದರ ಇದ್ದರೆ ಉಳಿದದ್ದೂ ಮುಗಿಯುತ್ತದೆ, ಯಾಕೆಂದರೆ ನಮಗೆ ಒಂದೇ ಅಕ್ಷರವಾಗಿ ಕಾಣುವ "ಕ್ಷೇ" ಕಂಪ್ಯೂಟರಿಗೆ ನಾಲ್ಕು. ಬಿಚ್ಚುವಾಗ ಕೆಲವು ಫೋಟೊ ಮಾತ್ರ ಬಂದು ಕೆಲವು ಬಾರದಿದ್ದರೆ ಮೊದಲು ಇದನ್ನೇ ಸಂಶಯಿಸಿ. ಇದೇ ಕಾರಣಕ್ಕೆ ಕೆಲಸದ ಫೋಲ್ಡರಿನ ಹೆಸರುಗಳನ್ನು ಮಾತ್ರ ನಾನು ಇಂಗ್ಲಿಷ್ ಲಿಪಿಯಲ್ಲಿ ಇಡುವುದು.

ಗಿರಾಕಿ ಎಂದರೆ ಯಾರು?

ಗಿರಾಕಿ ಮೊದಲು ಎಂದವರಿಗೆಲ್ಲ ಎದುರಾಗುವ ಗೊಂದಲ ಇದು. ಒಂದು ಹೋಟೆಲಿಗೆ ಬೋರ್ಡಿನಲ್ಲಿ ಒಂದು ಹೆಸರು, ಜಿಎಸ್‌ಟಿ ಬಿಲ್ಲಿನಲ್ಲಿ ಇನ್ನೊಂದು, ನಿಮ್ಮ ಫೋನಿನಲ್ಲಿ ಮಾಲಕರ ಹೆಸರು. ಮೂರರಲ್ಲಿ ಮೂರು ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಬೋರ್ಡಿನ ಹೆಸರನ್ನೇ ಹಿಡಿಯಿರಿ, ಉಳಿದದ್ದನ್ನು `_mula`ದಲ್ಲಿ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ, ಹುಡುಕಿದಾಗ ಸಿಗುತ್ತದೆ. ದೇವಸ್ಥಾನದಲ್ಲಿ ನಿಮ್ಮೊಟ್ಟಿಗೆ ಮಾತಾಡುವ ಕಾರ್ಯದರ್ಶಿಯ ಹೆಸರಿನಲ್ಲಿ ಫೋಲ್ಡರ್ ಮಾಡಲೇಬೇಡಿ. ಬ್ರಹ್ಮಕಲಶ ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ, ಅಷ್ಟರಲ್ಲಿ ಸಮಿತಿ ಎಷ್ಟು ಸಲ ಬದಲಾಗಿರುತ್ತದೋ. ಉಡುಪಿಯಲ್ಲಿ ಪರ್ಯಾಯದ ಕೆಲಸ ಮಾಡುವವರಿಗಂತೂ ಎಂಟು ಮಠ, ಎರಡೆರಡು ವರ್ಷ, ಒಂದು ಮಠದ ಸರದಿ ಪುನಃ ಬರುವಾಗ ಹದಿನಾರು ವರ್ಷ.

ಪ್ರೆಸ್ ಅಥವಾ ಜಾಹೀರಾತು ಏಜೆನ್ಸಿಯ ಮೂಲಕ ಬರುವ ಕೆಲಸದಲ್ಲಿ ದುಡ್ಡು ಕೊಡುವವರೇ ಗಿರಾಕಿ. ಪ್ರೆಸ್ಸಿನಿಂದ ಬರುವ ಗೃಹಪ್ರವೇಶದ ಕಾರ್ಡು, ವಿಸಿಟಿಂಗ್ ಕಾರ್ಡುಗಳ ಜನರನ್ನು ನೀವು ನೋಡಿಯೂ ಇರುವುದಿಲ್ಲ, ಅವರಿಗೆಲ್ಲ ಒಂದೊಂದು ಫೋಲ್ಡರ್ ಮಾಡಿದರೆ ಪಟ್ಟಿ ಮೈಲುದ್ದ ಆಗುತ್ತದೆ. `press-hampankatta` ಎಂಬ ಒಂದರೊಳಗೆ ಮಾತ್ರ ವರ್ಷದ ಪದರ ಹಾಕಿ, `2024`, `2025` ಎಂದು. ಇಲ್ಲಿ ಅದು ಸರಿಹೊಂದುತ್ತದೆ, ಏಕೆಂದರೆ ಪ್ರೆಸ್ಸಿನವರು ತಿರುಗಿ ಬಂದರೂ ಆ ಕಾರ್ಡುಗಳು ತಿರುಗಿ ಬರುವುದಿಲ್ಲ. ನಿಯಮ ಎಲ್ಲ ಕಡೆ ಒಂದೇ ಇರಬೇಕೆಂಬ ಹಟ ಬೇಡ.

ಬಿಲ್ಲುಗಳು ಬೇರೆ

ಆಡಿಟರ್ ಕೇಳುವುದು ವರ್ಷದ ಪ್ರಕಾರ, ಹಾಗಾಗಿ ಬಿಲ್ಲುಗಳನ್ನು ಗಿರಾಕಿಯ ಫೋಲ್ಡರಿನಲ್ಲಿ ಇಡಬೇಡಿ. `D:\Lekka\2023-24\` ಎಂದು ಪೂರ್ತಿ ಬೇರೆ ಮರ. ಜಿಎಸ್‌ಟಿ ನೋಂದಣಿ ಇದ್ದವರ ಬಿಲ್ ಸಂಖ್ಯೆ ಆರ್ಥಿಕ ವರ್ಷದೊಳಗೆ ಅನುಕ್ರಮವಾಗಿ ಬರಬೇಕು, 16 ಅಕ್ಷರ ಮೀರಬಾರದು. `2324-017_devasthana-bettu.pdf` ಎಂದು ಬಿಲ್ ಸಂಖ್ಯೆಯನ್ನು ಮುಂದಿಟ್ಟು ಹೆಸರಿಸಿದರೆ ನಡುವೆ ಯಾವುದು ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ. ಅವರು ಲೆಕ್ಕದ ದಾಖಲೆಗಳನ್ನು ಆ ವರ್ಷದ ಜಿಎಸ್‌ಟಿ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು: 2023-24ಕ್ಕೆ ಆ ದಿನ 2024ರ ಡಿಸೆಂಬರ್ 31, ಹಾಗಾಗಿ 2030ರ ಡಿಸೆಂಬರ್ 31ರ ತನಕ ಇರಲಿ. ಬೇರೆ ಮರದಲ್ಲಿದ್ದರೆ ಈ ಅವಧಿಯನ್ನು ನೋಡಿಕೊಳ್ಳುವುದೂ ಸುಲಭ.

ಈಗಾಗಲೇ ರಾಶಿ ಬಿದ್ದಿದ್ದರೆ

ಹಳೆಯದನ್ನೆಲ್ಲ ಒಂದು ಭಾನುವಾರ ಕೂತು ಹೊಸ ಕ್ರಮಕ್ಕೆ ತರುತ್ತೇನೆ ಎಂದು ಹೊರಡಬೇಡಿ, ಮೇಲೆ ಹೇಳಿದ ಲಿಂಕುಗಳೆಲ್ಲ ಒಂದೇ ದಿನ ತಪ್ಪುತ್ತವೆ. ಸೀಸನ್ ಮುಗಿದು ಮಳೆ ಹಿಡಿದ ಮೇಲೆ ಒಂದು ದಿನ ಗೊತ್ತು ಮಾಡಿ, ಅವತ್ತಿನಿಂದ ಬರುವ ಕೆಲಸ ಮಾತ್ರ ಹೊಸ ಮರಕ್ಕೆ. ಹಳೆಯದು ಎಲ್ಲಿದೆಯೋ ಅಲ್ಲೇ, ಅದೇ ಹೆಸರಿನಲ್ಲಿ ಇರಲಿ. ಹಳೆಯ ಗಿರಾಕಿ ಫೋನ್ ಮಾಡಿದಾಗ ಅವರಿಗೆ ಹೊಸ ಮರದಲ್ಲಿ ಫೋಲ್ಡರ್ ಮಾಡಿ, ಬೇಕಾದ ಹಳೆಯ ಕೆಲಸ ತೆರೆದು, ಲಿಂಕ್ ಸರಿಯಿದೆಯೇ ನೋಡಿ, ಅಲ್ಲಿಂದಲೇ ಪ್ಯಾಕೇಜ್ ಮಾಡಿ ಹೊಸ ಜಾಗಕ್ಕೆ ಇಳಿಸಿ. ನಕಲು ಮಾಡಿ ಎಳೆಯುವುದಕ್ಕಿಂತ ಇದು ನಿಧಾನ, ಆದರೆ ಬಂದದ್ದು ಪೂರ್ತಿ ಬರುತ್ತದೆ. ಎರಡು ಸೀಸನ್ ಕಳೆಯುವಾಗ ತಿರುಗಿ ಬರುವವರೆಲ್ಲ ತಾವಾಗಿಯೇ ಈಚೆ ಬಂದಿರುತ್ತಾರೆ.

ಡಿಸ್ಕ್ ತುಂಬಿ ಹಳೆಯ ಕೆಲಸಗಳನ್ನು ಹೊರಗೆ ಹಾಕಬೇಕಾದಾಗ, ಹೊರಗಿನ ಡಿಸ್ಕಿನಲ್ಲೂ ಅದೇ ದಾರಿ ಇಡಿ: `D:\Kelasa\devasthana-bettu\2021-02_jatre-amantrana` ಅಲ್ಲಿ `F:\Kelasa\devasthana-bettu\2021-02_jatre-amantrana` ಆಗಲಿ. `_mula` ಮಾತ್ರ ಲ್ಯಾಪ್‌ಟಾಪಿನಿಂದ ಹೋಗಬಾರದು. ಇದನ್ನು ಮಾಡುವ ಮೊದಲು `/MIR` ಇರುವ ಬ್ಯಾಕಪ್ ಕಮಾಂಡನ್ನು ಒಮ್ಮೆ ನೆನಪಿಸಿಕೊಳ್ಳಿ. ಲ್ಯಾಪ್‌ಟಾಪಿನಿಂದ ತೆಗೆದದ್ದನ್ನು ಅದು ಅಂದೇ ರಾತ್ರಿ ಬ್ಯಾಕಪ್‌ನಿಂದಲೂ ತೆಗೆಯುತ್ತದೆ, ಆಗ ಆ ಕೆಲಸದ ಪ್ರತಿ ಉಳಿಯುವುದು `F` ಒಂದರಲ್ಲೇ. ಹಾಗಾಗಿ ಹಳೆಯ ಕೆಲಸದ ಡಿಸ್ಕ್ ಎರಡು ಬೇಕು, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಮನೆಯಲ್ಲಿ.